ಕಾಫಿಗೆ ಮುಂಚಿನ ಇಪ್ಪತ್ತು ನಿಮಿಷ: ಎಲ್ಲಿ ಹುಡುಕಬೇಕು, ಎಲ್ಲಿ ನಿಲ್ಲಿಸಬೇಕು

ಎಲ್ಲರಿಗೂ ನಮಸ್ಕಾರ. ಪರಿಚಯವಿಲ್ಲದ ಒಬ್ಬರಿಗೆ ನೀವು ಸಂದೇಶ ಕಳಿಸಿದ್ದೀರಿ. ‘ನಿಮ್ಮ ಕ್ಷೇತ್ರದ ಬಗ್ಗೆ ಸ್ವಲ್ಪ ತಿಳಿದುಕೊಳ್ಳಬೇಕಿತ್ತು, ಅರ್ಧ ಗಂಟೆ ಸಿಗ್ತೀರಾ?’ ಅಂತ ಕೇಳಿದ್ದೀರಿ. ಅವರು ‘ಆಗಲಿ, ಗುರುವಾರ ಕಾಫಿಗೆ ಸಿಗೋಣ’ ಅಂದಿದ್ದಾರೆ. ಈಗ ಬುಧವಾರ ಸಂಜೆ. ಇಲ್ಲಿಂದ ಮುಂದೆ ಇಪ್ಪತ್ತು ನಿಮಿಷ ಏನು ಮಾಡಬೇಕು ಅನ್ನುವುದಷ್ಟೇ ಇವತ್ತಿನ ಮಾತು.

ಈ ಭೇಟಿಗಳು ಕೆಡುವುದು ಎರಡು ರೀತಿಯಲ್ಲಿ. ಏನೂ ಓದದೆ ಹೋದವರು ‘ನೀವು ಏನು ಕೆಲಸ ಮಾಡ್ತೀರಿ?’ ಅಂತ ಶುರು ಮಾಡುತ್ತಾರೆ. ಎದುರಿನವರು ತಮ್ಮ ಪ್ರೊಫೈಲನ್ನೇ ಬಾಯಿಪಾಠ ಒಪ್ಪಿಸಿದ ಹಾಗೆ ಹೇಳುತ್ತಾರೆ, ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಅಲ್ಲೇ ಮುಗಿಯುತ್ತದೆ. ಇನ್ನು ಕೆಲವರು ಎಲ್ಲವನ್ನೂ ಓದಿಕೊಂಡು ಹೋಗಿ ‘2016ರಲ್ಲಿ ನೀವು ಬರೆದಿದ್ದು ನೋಡಿದೆ, ಆ ಕೆಲಸ ಬಿಟ್ಟಿದ್ದು ಯಾಕೆ?’ ಅಂತ ಕೇಳಿಬಿಡುತ್ತಾರೆ. ಎದುರಿನವರು ಒಂದು ಕ್ಷಣ ಸುಮ್ಮನಾಗಿ, ಆಮೇಲೆ ಚುಟುಕಾಗಿ ಉತ್ತರ ಕೊಡಲು ಶುರು ಮಾಡುತ್ತಾರೆ. ಎರಡನೆಯದು ಹೆಚ್ಚು ಹಾನಿಕರ. ತಯಾರಿಲ್ಲದವರನ್ನು ಜನ ಸಹಿಸಿಕೊಳ್ಳುತ್ತಾರೆ, ತಮ್ಮನ್ನು ಜಾಲಾಡಿದವರನ್ನು ಸಹಿಸುವುದಿಲ್ಲ.

ಕಡಿಮೆ ಓದಿದರೆ ಸಭ್ಯತೆ, ಹೆಚ್ಚು ಓದಿದರೆ ಅತಿ ಅಂತ ಲೆಕ್ಕ ಹಾಕಬೇಡಿ. ಒಬ್ಬರ ಒಂದು ಗಂಟೆಯ ಭಾಷಣವನ್ನು ಪೂರ್ತಿ ಕೇಳಿ ಹೋದರೆ ಅವರಿಗೆ ಖುಷಿಯೇ ಆಗುತ್ತದೆ. ಅವರ ಮಗುವಿನ ಹುಟ್ಟುಹಬ್ಬದ ಒಂದೇ ಒಂದು ಫೋಟೋ ನೋಡಿದ್ದು ಗೊತ್ತಾದರೆ ಇರುಸುಮುರುಸಾಗುತ್ತದೆ. ಎರಡೂ ಅಂತರ್ಜಾಲದಲ್ಲಿ ಎಲ್ಲರಿಗೂ ಕಾಣುವಂಥವೇ. ಹೆಲೆನ್ ನಿಸೆನ್‌ಬಾಮ್ ಎಂಬ ವಿದ್ವಾಂಸೆ ಖಾಸಗಿತನದ ಬಗ್ಗೆ 2004ರಲ್ಲಿ ಮಂಡಿಸಿದ ವಾದ ಇಲ್ಲಿ ಸರಿಯಾಗಿ ಹೊಂದುತ್ತದೆ. ಒಂದು ಮಾಹಿತಿ ಸಾರ್ವಜನಿಕವೋ ಖಾಸಗಿಯೋ ಎಂದು ಎರಡು ಡಬ್ಬಿಗಳಲ್ಲಿ ಹಾಕುವುದರಿಂದ ಉಪಯೋಗವಿಲ್ಲ, ಅದು ಯಾವ ಸಂದರ್ಭಕ್ಕೆಂದು ಹೊರಬಂತೋ ಆ ಸಂದರ್ಭದ ನಡವಳಿಕೆಗೆ ತಕ್ಕ ಹಾಗೆ ಹರಿಯುತ್ತಿದೆಯೇ ನೋಡಬೇಕು ಎನ್ನುವುದು ಅವರ ಮಾತಿನ ತಿರುಳು. ಭಾಷಣವನ್ನು ಅವರು ಕೊಟ್ಟಿದ್ದೇ ಅಪರಿಚಿತರು ಕೇಳಲಿ ಅಂತ, ಅದೂ ಕೆಲಸದ ವಿಚಾರಕ್ಕೆ. ಫೋಟೋ ಹಾಕಿದ್ದು ನೆಂಟರಿಷ್ಟರಿಗೆ. ಕೆಲಸದ ಮಾತಿಗೆ ಹೊರಟ ನೀವು ಕೆಲಸಕ್ಕೆಂದು ಹೊರಗಿಟ್ಟಿದ್ದನ್ನು ಮಾತ್ರ ಮುಟ್ಟಬೇಕು.

ಇದನ್ನು ಕೈಗೆ ಸಿಗುವ ಪರೀಕ್ಷೆಯಾಗಿ ಮಾಡಿಕೊಳ್ಳುವುದು ಸುಲಭ. ಪ್ರತಿ ಪ್ರಶ್ನೆಯ ಹಿಂದೆ ‘ಇದು ನನಗೆ ಎಲ್ಲಿ ಸಿಕ್ಕಿತು’ ಅನ್ನುವುದನ್ನು ಅವರ ಮುಖ ನೋಡಿ, ಒಂದೇ ಉಸಿರಿನಲ್ಲಿ, ಸಂಕೋಚವಿಲ್ಲದೆ ಹೇಳಬಲ್ಲಿರಾ? ‘ನಿಮ್ಮ ಆ ಭಾಷಣದಲ್ಲಿ ಕೇಳಿದೆ’ ಎನ್ನುವುದು ಸಲೀಸು. ‘ನಿಮ್ಮ ತಂಗಿಯ ಇನ್‌ಸ್ಟಾಗ್ರಾಂ ನೋಡ್ತಾ ಇದ್ದಾಗ ಸಿಕ್ತು’ ಅಂತ ಯಾರೂ ಹೇಳಲಾರರು. ಬಾಯಿ ಬಿಟ್ಟು ಹೇಳಲಾಗದ ಮೂಲದಿಂದ ಬಂದ ಮಾಹಿತಿಯನ್ನು ಬಳಸಬೇಡಿ, ಸುತ್ತಿ ಬಳಸಿ ಕೂಡ ಬೇಡ.

ಈಗ ಒಂದು ಉದಾಹರಣೆ ಹಿಡಿದುಕೊಂಡೇ ಮುಂದೆ ಹೋಗೋಣ. ನೀವು ಗ್ರಂಥಾಲಯವೊಂದರಲ್ಲಿ ಪುಸ್ತಕಗಳ ಸೂಚೀಕರಣದ ಕೆಲಸದಲ್ಲಿದ್ದೀರಿ ಅಂದುಕೊಳ್ಳಿ. ನೀವು ಭೇಟಿಯಾಗಲಿರುವ ಮಹಿಳೆ ಒಂಬತ್ತು ವರ್ಷ ಗ್ರಂಥಪಾಲಕಿಯಾಗಿದ್ದವರು. ಈಗ ಆನ್‌ಲೈನ್ ಮಾರಾಟದ ಕಂಪನಿಯೊಂದರಲ್ಲಿ ಸಾಮಾನುಗಳನ್ನು ವರ್ಗಗಳಾಗಿ ಜೋಡಿಸುವ ತಂಡದ ಮುಖ್ಯಸ್ಥೆ. ನಾನೂ ಆ ಕಡೆ ಹೋಗಬಹುದೇ ಅನ್ನುವುದು ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆ.

ಮೊಬೈಲಿನಲ್ಲಿ ಇಪ್ಪತ್ತು ನಿಮಿಷದ ಟೈಮರ್ ಹಾಕಿ. ಮೊದಲ ಎರಡು ನಿಮಿಷ ಹುಡುಕಬೇಡಿ. ಒಂದು ಹಾಳೆಯ ಮೇಲೆ ‘ಈ ಭೇಟಿ ಮುಗಿದಾಗ ನನಗೆ ಏನು ಗೊತ್ತಾಗಿರಬೇಕು’ ಅಂತ ಒಂದೇ ಸಾಲು ಬರೆಯಿರಿ. ನಮ್ಮ ಉದಾಹರಣೆಯಲ್ಲಿ ‘ಸೂಚೀಕರಣದ ಅನುಭವದಲ್ಲಿ ಯಾವುದು ಅಲ್ಲಿ ಕೆಲಸಕ್ಕೆ ಬರುತ್ತದೆ, ಯಾವುದನ್ನು ಮರೆಯಬೇಕು’ ಎಂದು ಬರೆದಿರಿ ಅನ್ನೋಣ. ಈ ಸಾಲು ಇಲ್ಲದಿದ್ದರೆ ಹುಡುಕಾಟಕ್ಕೆ ಕೊನೆಯೇ ಇರುವುದಿಲ್ಲ. ಒಂದು ಕೊಂಡಿಯಿಂದ ಇನ್ನೊಂದಕ್ಕೆ ಹೋಗಿ, ಒಂದು ಗಂಟೆ ಕಳೆದ ಮೇಲೆ ಅವರ ಮದುವೆಯ ಆಲ್ಬಂ ಮುಂದೆ ಕೂತಿರುತ್ತೀರಿ. ಹಾಗೆ ಆಗುವುದು ದುರುದ್ದೇಶದಿಂದಲ್ಲ, ಎಲ್ಲಿ ನಿಲ್ಲಿಸಬೇಕು ಅನ್ನುವುದು ನಿರ್ಧಾರವಾಗಿರುವುದಿಲ್ಲ, ಅಷ್ಟೇ.

ಮುಂದಿನ ನಾಲ್ಕು ನಿಮಿಷ ಪ್ರೊಫೈಲಿಗೆ. ಲಿಂಕ್ಡ್‌ಇನ್‌ನಲ್ಲಿ ಕೆಲಸದ ಇತಿಹಾಸವನ್ನು ಕೆಳಗಿನಿಂದ ಮೇಲಕ್ಕೆ ಓದಿ. ಹಳೆಯದರಿಂದ ಹೊಸದಕ್ಕೆ ಬಂದರೆ ತಿರುವು ಎಲ್ಲಿದೆ ಅನ್ನುವುದು ಕಣ್ಣಿಗೆ ಬೀಳುತ್ತದೆ. ನಿಮಗೆ ಬೇಕಿರುವುದು ಆ ತಿರುವು, ಪೂರ್ತಿ ಪಟ್ಟಿಯಲ್ಲ. ಅಲ್ಲಿಂದ Activity ಭಾಗಕ್ಕೆ ಹೋಗಿ, ಅವರು ಬರೆದ ಪೋಸ್ಟ್‌ಗಳಷ್ಟೇ ಅಲ್ಲ, ಬೇರೆಯವರ ಪೋಸ್ಟ್‌ಗಳಿಗೆ ಬರೆದ ಕಾಮೆಂಟ್‌ಗಳನ್ನೂ ಒಂದೆರಡು ನೋಡಿ. ಕಂಪನಿಯ ಪ್ರಕಟಣೆಯನ್ನು ಹಂಚಿಕೊಂಡಿದ್ದರಲ್ಲಿ ಅವರ ದನಿ ಇರುವುದಿಲ್ಲ, ಯಾರದೋ ವಾದಕ್ಕೆ ನಾಲ್ಕು ಸಾಲು ಉತ್ತರ ಬರೆದಿದ್ದರೆ ಅದರಲ್ಲಿರುತ್ತದೆ.

ಇಲ್ಲಿಯೇ ಒಂದು ಎಚ್ಚರಿಕೆ. ಒಂದೇ ಹೆಸರಿನವರು ಬೇಕಾದಷ್ಟು ಜನ ಇರುತ್ತಾರೆ. ಹೆಸರು ಹುಡುಕಿದಾಗ ಸಿಕ್ಕ ಲೇಖನವೋ ಭಾಷಣವೋ ಇವರದ್ದೇ ಎಂದು ನಂಬುವ ಮೊದಲು ಹೆಸರನ್ನು ಬಿಟ್ಟು ಇನ್ನೆರಡು ಗುರುತುಗಳಾದರೂ ಹೊಂದಬೇಕು. ಸಂಸ್ಥೆ ಮತ್ತು ವರ್ಷ, ಅಥವಾ ವಿಷಯ ಮತ್ತು ಮುಖ. ಒಂದೇ ಗುರುತು ಹೊಂದಿದರೆ ಅದನ್ನು ಪಕ್ಕಕ್ಕಿಡಿ. ಬೇರೆಯವರ ಪ್ರಬಂಧವನ್ನು ಇವರ ಮುಂದೆ ಹೊಗಳಿದರೆ ಆ ಮಾತುಕತೆ ಮತ್ತೆ ದಾರಿಗೆ ಬರುವುದು ಕಷ್ಟ.

ಬಹಳ ಜನ ಕೇಳುವ ಪ್ರಶ್ನೆ, ‘ನಾನು ಪ್ರೊಫೈಲ್ ನೋಡಿದ್ದು ಅವರಿಗೆ ಗೊತ್ತಾಗುತ್ತಲ್ಲ?’ ಲಿಂಕ್ಡ್‌ಇನ್‌ನಲ್ಲಿ ನೀವು ಸೆಟ್ಟಿಂಗ್ ಬದಲಿಸದಿದ್ದರೆ ಗೊತ್ತಾಗಬಹುದು. Profile viewing options ಎಂಬಲ್ಲಿ Private mode ಆರಿಸಿದರೆ ನಿಮ್ಮ ಹೆಸರು ಕಾಣುವುದಿಲ್ಲ. ಉಚಿತ ಖಾತೆಯಾದರೆ ಅದಕ್ಕೆ ಪ್ರತಿಯಾಗಿ ನಿಮ್ಮ ಪ್ರೊಫೈಲನ್ನು ಯಾರು ನೋಡಿದರು ಎನ್ನುವುದೂ ನಿಮಗೆ ಕಾಣದು. ಆದರೆ ಮರೆಮಾಚುವುದೇ ಬೇಡ ಅನ್ನುವುದು ನಮ್ಮ ಅಭಿಪ್ರಾಯ. ನಾಳೆ ಸಿಗುವವರು ಇವತ್ತು ಹೆಸರಿನ ಸಮೇತ ಒಂದು ಸಲ ನೋಡಿದ್ದಾರೆ ಅಂದರೆ ತಯಾರಿ ಮಾಡಿಕೊಂಡಿದ್ದಾರೆ ಎಂದಷ್ಟೇ ಅರ್ಥ. ಒಂದೇ ವಾರದಲ್ಲಿ ಐದಾರು ಸಲ ಇಣುಕುವುದು ಬೇರೆ ಮಾತು. ಇನ್‌ಸ್ಟಾಗ್ರಾಂ ಕಡೆ ಹೋಗಲೇಬೇಡಿ. ಸ್ಟೋರಿ ನೋಡಿದವರ ಪಟ್ಟಿ ಅವರಿಗೆ ಕಾಣುತ್ತದೆ, ಬೆರಳು ಜಾರಿ ಮೂರು ವರ್ಷ ಹಳೆಯ ಫೋಟೋಗೆ ಲೈಕ್ ಬಿದ್ದರೆ ಅದೂ ಕಾಣುತ್ತದೆ.

ಇನ್ನು ಮುಂದಿನ ಎಂಟು ನಿಮಿಷ ಬಹಳ ಮುಖ್ಯ, ಇದನ್ನು ಒಂದೇ ಒಂದು ವಸ್ತುವಿಗೆ ಕೊಡಿ. ಅವರು ಬರೆದ ಒಂದು ಲೇಖನ, ಕೊಟ್ಟ ಒಂದು ಭಾಷಣ, ಮಾಡಿದ ಒಂದು ಕೆಲಸ. ಹತ್ತು ಪುಟಗಳನ್ನು ತಲಾ ಒಂದು ನಿಮಿಷ ನೋಡಿದವರ ಪ್ರಶ್ನೆಗಳು ಹತ್ತೂ ತೆಳ್ಳಗಿರುತ್ತವೆ. ಹುಡುಕಲು ಹೀಗೆ ಬರೆಯಿರಿ:

```
"ಪೂರ್ತಿ ಹೆಸರು" "ಸಂಸ್ಥೆಯ ಹೆಸರು"
"ಪೂರ್ತಿ ಹೆಸರು" site:youtube.com
"ಪೂರ್ತಿ ಹೆಸರು" filetype:pdf
```

ಉದ್ಧರಣ ಚಿಹ್ನೆ ಹಾಕಿದರೆ ಹೆಸರು ಒಟ್ಟಾಗಿ ಇರುವ ಪುಟಗಳು ಬರುತ್ತವೆ. ಮೂರನೆಯ ಸಾಲು ಸಮ್ಮೇಳನದ ಸ್ಲೈಡುಗಳು, ಪ್ರಬಂಧಗಳನ್ನು ಹೊರತೆಗೆಯುತ್ತದೆ. ಆದರೆ ಅದೇ ಸಾಲು ಯಾವುದೋ ಸಂಘದ ಸದಸ್ಯರ ಪಟ್ಟಿ, ಮನೆ ವಿಳಾಸ, ಫೋನ್ ನಂಬರ್ ಇರುವ ಕಡತಗಳನ್ನೂ ತರಬಹುದು. ಅಂಥದ್ದು ಬಂದರೆ ತೆರೆಯದೆ ಮುಂದೆ ಹೋಗಿ.

ನಮ್ಮ ಉದಾಹರಣೆಯ ಮಹಿಳೆ 2022ರಲ್ಲಿ ಕೊಟ್ಟ 38 ನಿಮಿಷದ ಒಂದು ಭಾಷಣ ಯೂಟ್ಯೂಬಿನಲ್ಲಿ ಸಿಕ್ಕಿತು ಅನ್ನೋಣ. ಎಂಟು ನಿಮಿಷದಲ್ಲಿ 38 ನಿಮಿಷವನ್ನು ಹೇಗೆ ಕೇಳುವುದು? ಕೇಳಬೇಡಿ, ಓದಿ. ವಿಡಿಯೋದ ವಿವರಣೆಯನ್ನು ಬಿಡಿಸಿದರೆ ಸಾಮಾನ್ಯವಾಗಿ ಕೆಳಗೆ Show transcript ಇರುತ್ತದೆ. ಅದನ್ನು ಒತ್ತಿದರೆ ಮಾತುಗಳೆಲ್ಲ ಸಮಯದ ಸಮೇತ ಬರುತ್ತವೆ. ಕಣ್ಣಾಡಿಸಿ, ಮುಖ್ಯ ವಾದ ಯಾವುದೆಂದು ಹಿಡಿಯಿರಿ. ನಂತರ ನೇರವಾಗಿ ಕೊನೆಯ ಪ್ರಶ್ನೋತ್ತರಕ್ಕೆ ಹೋಗಿ, ಅಲ್ಲಿ ಮೂರು ನಾಲ್ಕು ನಿಮಿಷವನ್ನು ನಿಜವಾಗಿ ಕೇಳಿ. ಭಾಷಣಕಾರರು ಸ್ಲೈಡಿನಲ್ಲಿ ಬರೆದುಕೊಂಡಿದ್ದನ್ನು ಬಿಟ್ಟು ಮಾತಾಡುವ ಜಾಗ ಅದು. ಎಲ್ಲಿ ಕಷ್ಟವಾಯಿತು, ಏನನ್ನು ಕೈಬಿಟ್ಟರು, ಯಾವುದು ಇನ್ನೂ ಬಗೆಹರಿದಿಲ್ಲ ಅನ್ನುವುದು ಅಲ್ಲಿ ಹೊರಬೀಳುತ್ತದೆ. ಯಂತ್ರ ಬರೆದ ಪಠ್ಯದಲ್ಲಿ ಹೆಸರುಗಳೂ ಅಂಕಿಗಳೂ ತಪ್ಪಾಗಿರುತ್ತವೆ. ಆದ್ದರಿಂದ ನೀವು ಎತ್ತಿ ಹೇಳಲಿರುವ ಆ ಒಂದು ವಾಕ್ಯವನ್ನಾದರೂ ಕಿವಿಯಿಂದ ಕೇಳಿ ಖಚಿತ ಮಾಡಿಕೊಳ್ಳಿ.

ಅಲ್ಲಿ 31ನೇ ನಿಮಿಷದಲ್ಲಿ ಅವರು ಹೇಳುತ್ತಾರೆ: ‘ಮೊದಲು ಏಳು ಹಂತಗಳ ವರ್ಗೀಕರಣ ಮಾಡಿದೆವು. ಗ್ರಾಹಕರು ಹಂತ ಹಂತವಾಗಿ ಇಳಿಯಲೇ ಇಲ್ಲ, ನೇರ ಹುಡುಕಿಬಿಡುತ್ತಿದ್ದರು. ಕೊನೆಗೆ ಮೂರಕ್ಕೆ ಇಳಿಸಿದೆವು.’ ನೀವು ಸೂಚೀಕರಣದವರಾದ್ದರಿಂದ ಈ ಮಾತು ತಕ್ಷಣ ಚುಚ್ಚುತ್ತದೆ. ಗ್ರಂಥಾಲಯದಲ್ಲಿ ವರ್ಗೀಕರಣ ಎಷ್ಟು ಸೂಕ್ಷ್ಮವೋ ಅಷ್ಟು ಒಳ್ಳೆಯದು ಎಂದೇ ಕಲಿತಿರುತ್ತೀರಿ. ಕಪಾಟಿನಲ್ಲಿ ಒಂದು ಪ್ರತಿಗೆ ಒಂದೇ ಜಾಗ, ಅದು ಕರಾರುವಾಕ್ಕಾಗಿರಬೇಕು. ಅಂಗಡಿಯ ತೆರೆಯ ಮೇಲೆ ಒಂದೇ ಸಾಮಾನು ಏಕಕಾಲಕ್ಕೆ ನಾಲ್ಕು ಕಡೆ ಕಾಣಿಸಿಕೊಳ್ಳಬಹುದು. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1933ರಲ್ಲಿ ಕೊಟ್ಟ ಕೋಲನ್ ವರ್ಗೀಕರಣ ವಿಷಯವನ್ನು ಬೇರೆ ಬೇರೆ ಮುಖಗಳಾಗಿ ಬಿಡಿಸಿ ಜೋಡಿಸುವುದನ್ನು ಕಲಿಸಿತ್ತು. ಬಣ್ಣ, ಅಳತೆ, ಬೆಲೆ ಎಂದು ಅಂಗಡಿಗಳು ಕೊಡುವ ಸೋಸುವ ಗುಂಡಿಗಳಲ್ಲಿ ಅದೇ ಯೋಚನೆಯ ನೆರಳಿದೆ. ನಿಮ್ಮ ಅನುಭವವೂ ಅವರ ಅನುಭವವೂ ತಾಗುವ ಜಾಗ ಇದು, ಒಳ್ಳೆಯ ಪ್ರಶ್ನೆ ಹುಟ್ಟುವುದೂ ಇಲ್ಲಿಯೇ. ಸಿಕ್ಕ ಮೇಲೆ ಇನ್ನಷ್ಟು ಹುಡುಕುವ ಅಗತ್ಯವಿಲ್ಲ.

ಉಳಿದ ಆರು ನಿಮಿಷ ಬರೆಯುವುದಕ್ಕೆ. ಮೂರು ಪ್ರಶ್ನೆ ಸಾಕು. ಅರ್ಧ ಗಂಟೆಯಲ್ಲಿ ಪರಿಚಯ, ಕಾಫಿ ತರುವುದು, ವಿದಾಯ ಎಲ್ಲ ಕಳೆದರೆ ಇಪ್ಪತ್ತು ನಿಮಿಷವೂ ಉಳಿಯುವುದಿಲ್ಲ, ಒಳ್ಳೆಯ ಉತ್ತರಕ್ಕೆ ಐದಾರು ನಿಮಿಷ ಬೇಕು. ಮೂರರಲ್ಲಿ ಒಂದು ಮಾತ್ರ, ಹೆಚ್ಚೆಂದರೆ ಎರಡು, ನೀವು ಓದಿದ್ದರ ಮೇಲೆ ನಿಂತಿರಲಿ. ಮೂರೂ ಹಾಗಿದ್ದರೆ ಪಾಟೀಸವಾಲಿನ ಹಾಗೆ ಕೇಳಿಸುತ್ತದೆ.

ಓದಿದ್ದರ ಮೇಲೆ ನಿಂತ ಪ್ರಶ್ನೆಯಲ್ಲಿ ಮೂರು ತುಂಡು ಇರಬೇಕು. ಎಲ್ಲಿ ಕೇಳಿದೆ, ನನಗೆ ಏನು ಅರ್ಥವಾಯಿತು, ಎಲ್ಲಿ ಸಿಕ್ಕಿಹಾಕಿಕೊಂಡೆ. ಹೀಗೆ: ‘ನಿಮ್ಮ 2022ರ ಭಾಷಣದ ಪ್ರಶ್ನೋತ್ತರದಲ್ಲಿ ಏಳು ಹಂತವನ್ನು ಮೂರಕ್ಕೆ ಇಳಿಸಿದ್ವಿ ಅಂದ್ರಿ, ಮೇಡಂ. ನಮಗೆ ಗ್ರಂಥಾಲಯದಲ್ಲಿ ಇದರ ಉಲ್ಟಾ ಅಭ್ಯಾಸ. ಅಷ್ಟು ಸೂಕ್ಷ್ಮತೆಯನ್ನ ಬಿಟ್ಟುಕೊಡೋಕೆ ನಿಮ್ಮ ತಂಡ ಹೇಗೆ ಒಪ್ಪಿತು?’ ಮೂಲವನ್ನು ಮೊದಲೇ ಹೇಳಿದ್ದರಿಂದ ‘ಇವರಿಗೆ ಹೇಗೆ ಗೊತ್ತಾಯ್ತು’ ಅನ್ನುವ ಅನುಮಾನಕ್ಕೆ ಜಾಗವಿಲ್ಲ. ಸಂಶೋಧನೆ ನಿಂತಲ್ಲಿ ಪ್ರಶ್ನೆ ಶುರುವಾಗಿದೆ. ಇದಕ್ಕೆ ಉತ್ತರ ಅಂತರ್ಜಾಲದಲ್ಲಿಲ್ಲ, ಅವರಲ್ಲಿ ಮಾತ್ರ ಇದೆ.

ಇದನ್ನು ಹೀಗೆ ಹಾಳು ಮಾಡಬಹುದು: ‘ನಿಮ್ಮ ಭಾಷಣ ಅದ್ಭುತ, ಪೂರ್ತಿ ಕೇಳಿದೆ, ಏಳು ಹಂತದ ವಿಚಾರ ಬಹಳ ಇಷ್ಟವಾಯ್ತು, ಅದರ ಬಗ್ಗೆ ಹೇಳ್ತೀರಾ?’ ಹೊಗಳಿಕೆ ಉಂಟು, ಪ್ರಶ್ನೆ ಇಲ್ಲ. ಅವರು ಭಾಷಣವನ್ನೇ ಮತ್ತೊಮ್ಮೆ ಹೇಳಬೇಕಾಗುತ್ತದೆ. ಪೂರ್ತಿ ಕೇಳಿಲ್ಲದಿದ್ದರೆ ‘ಪ್ರಶ್ನೋತ್ತರ ಭಾಗ ಕೇಳಿದೆ’ ಅಂತಲೇ ಹೇಳಿ. ಅಷ್ಟು ಕೇಳಿಕೊಂಡು ಬರುವವರೂ ಕಡಿಮೆ.

ಈಗ ಕಣ್ಣಿಗೆ ಬಿದ್ದೂ ಬಳಸಬಾರದ ಸಂಗತಿಗಳ ವಿಚಾರ. ಅವರ ಪ್ರೊಫೈಲಿನಲ್ಲಿ ಗ್ರಂಥಾಲಯ ಬಿಟ್ಟಿದ್ದಕ್ಕೂ ಕಂಪನಿ ಸೇರಿದ್ದಕ್ಕೂ ನಡುವೆ ಹದಿನಾಲ್ಕು ತಿಂಗಳ ಅಂತರ ಕಾಣುತ್ತದೆ ಎಂದಿಟ್ಟುಕೊಳ್ಳಿ. ನಿಮಗೆ ಅದು ನಿಜಕ್ಕೂ ಬೇಕಾದ ಮಾಹಿತಿ, ಯಾಕೆಂದರೆ ಆ ಹದಿನಾಲ್ಕು ತಿಂಗಳಲ್ಲಿ ಅವರು ಹೊಸದೇನನ್ನೋ ಕಲಿತಿರಬಹುದು. ಆದರೆ ಆರೋಗ್ಯ ಕೆಟ್ಟಿರಬಹುದು, ಮನೆಯಲ್ಲಿ ಯಾರನ್ನೋ ನೋಡಿಕೊಂಡಿರಬಹುದು, ಕೆಲಸ ಹೋಗಿರಬಹುದು. ಹೊರಗಿನಿಂದ ನೋಡಿದರೆ ಎಲ್ಲದಕ್ಕೂ ಒಂದೇ ಖಾಲಿ ಜಾಗ. ‘ಆ ಗ್ಯಾಪ್‌ನಲ್ಲಿ ಏನು ಮಾಡ್ತಿದ್ರಿ?’ ಎಂದು ಕೇಳಿದರೆ ಅವರು ಒಂದೋ ಖಾಸಗಿ ವಿಷಯ ಹೇಳಬೇಕು, ಇಲ್ಲವೇ ಸುಳ್ಳು ಹೇಳಬೇಕು. ಅದರ ಬದಲು ‘ಈ ಕ್ಷೇತ್ರಕ್ಕೆ ಬರೋ ಮುಂಚೆ ನೀವು ಹೊಸದಾಗಿ ಕಲಿಯಬೇಕಾಗಿ ಬಂದಿದ್ದು ಏನು?’ ಅಂತ ಕೇಳಿ. ಆ ಅವಧಿಯಲ್ಲಿ ಓದಿದ್ದರೆ ಅವರೇ ಹೇಳುತ್ತಾರೆ. ಬೇರೇನೋ ಆಗಿದ್ದರೆ ಅದನ್ನು ಮುಟ್ಟದೆಯೇ ಉತ್ತರಿಸಬಹುದು. ನಿಮಗೆ ಬೇಕಾದ್ದೂ ಸಿಗುತ್ತದೆ. ಬಾಗಿಲು ತೆರೆಯುವುದೋ ಬಿಡುವುದೋ ಅವರಿಗೆ ಬಿಟ್ಟಿದ್ದು.

ಹನ್ನೊಂದು ತಿಂಗಳಲ್ಲೇ ಬಿಟ್ಟ ಕೆಲಸ, ಹುದ್ದೆಯ ಹೆಸರು ಇಳಿದದ್ದು, ಅವರ ಕಂಪನಿಯಲ್ಲಿ ಜನರನ್ನು ತೆಗೆದ ಸುದ್ದಿ, ಹಿಂದಿನ ಸಂಸ್ಥೆಯ ಬಗ್ಗೆ ಎಂದೋ ಬರೆದ ಕೋಪದ ಬರಹ, ಎಲ್ಲವೂ ಇದೇ ಜಾತಿಯವು. ಪ್ರೊಫೈಲಿನ ತಾರೀಕುಗಳನ್ನು ಅಷ್ಟಾಗಿ ನಂಬಲೂ ಬಾರದು. ಅವು ಅವರೇ ತುಂಬಿದ್ದು, ಎಷ್ಟೋ ಜನ ಹೊಸ ಕೆಲಸ ಸೇರಿ ಆರು ತಿಂಗಳಾದರೂ ಬದಲಿಸಿರುವುದಿಲ್ಲ. ಆದ್ದರಿಂದ ಭೇಟಿಯ ಶುರುವಿನಲ್ಲೇ ‘ನೀವು ಈಗಲೂ ವರ್ಗೀಕರಣ ತಂಡವನ್ನೇ ನೋಡಿಕೊಳ್ತಿದ್ದೀರಾ?’ ಎಂದು ಕೇಳಿಬಿಡುವುದು ಒಳ್ಳೆಯದು. ಬದಲಾಗಿದ್ದರೆ ನಿಮ್ಮ ಮೂರು ಪ್ರಶ್ನೆಗಳನ್ನು ಅಲ್ಲಿಯೇ ಹೊಂದಿಸಿಕೊಳ್ಳಬಹುದು.

ಭೇಟಿಯಲ್ಲಿ ಆಗುವ ಒಂದು ಸಣ್ಣ ತೊಡಕನ್ನು ಹೇಳಲೇಬೇಕು. ನಿಮಗೆ ಆಗಲೇ ಗೊತ್ತಿರುವುದನ್ನು ಅವರು ಹೇಳತೊಡಗುತ್ತಾರೆ. ‘ನಾನು ಮೊದಲು ಗ್ರಂಥಪಾಲಕಿಯಾಗಿದ್ದೆ, ಗೊತ್ತಾ?’ ಆಗ ‘ಓ, ಹೌದಾ!’ ಎಂದು ಆಶ್ಚರ್ಯ ನಟಿಸಬೇಡಿ. ಹತ್ತು ನಿಮಿಷದ ಮೇಲೆ ಭಾಷಣದ ಪ್ರಸ್ತಾಪ ಬಂದರೆ ನಟನೆ ಬಯಲಾಗುತ್ತದೆ, ಇನ್ನೇನೇನು ನೋಡಿದ್ದಾರೋ ಎಂಬ ಅನುಮಾನ ಹುಟ್ಟುತ್ತದೆ. ‘ಗೊತ್ತು’ ಎಂದು ಕತ್ತರಿಸುವುದೂ ಬೇಡ. ‘ಹೌದು, ಪ್ರೊಫೈಲ್‌ನಲ್ಲಿ ನೋಡಿದ್ದೆ. ಯಾವ ಥರದ ಗ್ರಂಥಾಲಯ ಅದು?’ ಎಂದರೆ ಮಾತು ಮುಂದೆ ಸಾಗುತ್ತದೆ.

ಗೆರೆ ದಾಟಿದ್ದು ಹೇಗೆ ತಿಳಿಯುತ್ತದೆ? ಉತ್ತರಗಳು ಇದ್ದಕ್ಕಿದ್ದಂತೆ ಚಿಕ್ಕದಾಗುತ್ತವೆ. ‘ನಾನು’ ಎನ್ನುತ್ತಿದ್ದವರು ‘ಸಾಮಾನ್ಯವಾಗಿ ಎಲ್ಲರೂ’ ಎಂದು ಮಾತಾಡತೊಡಗುತ್ತಾರೆ. ಇಲ್ಲವೇ ನೇರವಾಗಿಯೇ ‘ಇದು ನಿಮಗೆ ಹೇಗೆ ಗೊತ್ತು?’ ಎನ್ನುತ್ತಾರೆ. ಆಗ ಮೂಲವನ್ನು ನೇರ ಹೇಳಿ, ‘ಅದಕ್ಕೆ ಉತ್ತರಿಸಲೇಬೇಕಂತಿಲ್ಲ’ ಎಂದು ಸೇರಿಸಿ, ಕೆಲಸದ ಪ್ರಶ್ನೆಗೆ ಮರಳಿ. ಉದ್ದುದ್ದ ಕ್ಷಮೆ ಕೇಳುತ್ತ ಕೂತರೆ ಅವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ.

ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇವೆ.

ಇಬ್ಬರಿಗೂ ಪರಿಚಯವಿರುವ ಸ್ನೇಹಿತರಿದ್ದರೆ ಅವರನ್ನು ವಿಚಾರಿಸಬಹುದೇ? ವಿಚಾರಿಸಬಹುದು, ಆದರೆ ‘ಅವರು ಹೇಗೆ?’ ಎಂದು ಕೇಳಬೇಡಿ. ಅದಕ್ಕೆ ಬರುವ ಉತ್ತರದಲ್ಲಿ ಅರ್ಧ ಗಾಸಿಪ್ ಇರುತ್ತದೆ, ಒಮ್ಮೆ ಕಿವಿಗೆ ಬಿದ್ದಿದ್ದನ್ನು ಮರೆಯುವುದೂ ಕಷ್ಟ. ‘ಕೆಲಸದಲ್ಲಿ ಯಾವ ವಿಷಯ ಎತ್ತಿದರೆ ಅವರು ಖುಷಿಯಿಂದ ಮಾತಾಡ್ತಾರೆ?’ ಎಂದು ಕೇಳಿ. ಸ್ನೇಹಿತರನ್ನು ವಿಚಾರಿಸಿದ್ದನ್ನು ಭೇಟಿಯಲ್ಲಿ ಹೇಳಿಬಿಡಿ.

ಹುಡುಕಿದರೂ ಆ ವ್ಯಕ್ತಿಯ ಬಗ್ಗೆ ಏನೂ ಸಿಗದಿದ್ದರೆ? ಹೆಸರು, ಹುದ್ದೆ, ಸಂಸ್ಥೆ, ಅಷ್ಟೇ ಇರುವವರು ಬಹಳ ಮಂದಿ. ಕೆಲವರು ಬೇಕೆಂದೇ ಹಾಗಿರುತ್ತಾರೆ. ಆರು ನಿಮಿಷ ಹುಡುಕಿ ಸಿಗದಿದ್ದರೆ ಇನ್ನೂ ಆಳಕ್ಕೆ ಇಳಿಯಬೇಡಿ, ವ್ಯಕ್ತಿಯನ್ನು ಬಿಟ್ಟು ಹುದ್ದೆಯನ್ನು ಓದಿ. ಅದೇ ಹುದ್ದೆಗೆ ಆ ಸಂಸ್ಥೆಯೋ ಅದರಂಥದೇ ಇನ್ನೊಂದೋ ಹಾಕಿದ ಉದ್ಯೋಗ ಪ್ರಕಟಣೆ ತೆಗೆಯಿರಿ. ಅದರಲ್ಲಿ ‘ಜವಾಬ್ದಾರಿಗಳು’ ಎಂಬಲ್ಲಿ ಏಳೆಂಟು ಸಾಲು ಇರುತ್ತವೆ. ‘ಈ ಪ್ರಕಟಣೆಯಲ್ಲಿ ಇಷ್ಟೆಲ್ಲ ಬರೆದಿದ್ದಾರೆ. ನಿಮ್ಮ ವಾರದಲ್ಲಿ ನಿಜವಾಗಿ ಹೆಚ್ಚು ಹೊತ್ತು ತಿನ್ನೋದು ಇದರಲ್ಲಿ ಯಾವುದು?’ ಎಂದು ಕೇಳಿ. ಆ ಹಾಳೆಯನ್ನು ಮುದ್ರಿಸಿ ಮೇಜಿನ ಮೇಲಿಟ್ಟರೂ ಸರಿ. ಅವರು ಪೆನ್ನು ತೆಗೆದುಕೊಂಡು ಎರಡು ಸಾಲು ಹೊಡೆದುಹಾಕಿ, ಪ್ರಕಟಣೆಯಲ್ಲಿ ಇಲ್ಲದ ಒಂದನ್ನು ಅಂಚಿನಲ್ಲಿ ಬರೆದುಕೊಟ್ಟರೆ ಭೇಟಿಗೆ ಹೋಗಿದ್ದಕ್ಕೆ ಅಷ್ಟೇ ಸಾಕು.